ತಾತನ ಮುಖ, ಛತ್ರದ ಬೆಳಕು: ಫೋಟೋ ಜೋಡಿಸುವಾಗ ಬಣ್ಣ ಹೊಂದಿಸೋದು ಹೇಗೆ?

ಕೇಳುಗರೊಬ್ಬರ ಪ್ರಶ್ನೆ ಇದು. ತೀರಿಹೋದ ತಾತನ ಮುಖವನ್ನು ಮೊಮ್ಮಗಳ ಮದುವೆಯ ಗ್ರೂಪ್ ಫೋಟೋಗೆ ಸೇರಿಸಬೇಕು. ತಾತನ ಫೋಟೋ ಹಗಲು ಹೊತ್ತು ಜಗಲಿಯ ನೆರಳಲ್ಲಿ ತೆಗೆದದ್ದು, ಮದುವೆಯದು ಛತ್ರದ ಹಳದಿ ಬಲ್ಬಿನ ಬೆಳಕಲ್ಲಿ. ಅಂಟಿಸಿದ್ರೆ ಮುಖ ನೀಲಿಗಟ್ಟಿದ ಹಾಗೆ ಕಾಣುತ್ತೆ.

ಕಾರಣ ಸರಳ. ನೆರಳಿಗೆ ಬೀಳೋದು ಆಕಾಶದ ಬೆಳಕು, ಸುಮಾರು 7000 ಕೆಲ್ವಿನ್. ಹಳೇ ಬಲ್ಬಿನದು ಸುಮಾರು 2800. ಸಂಖ್ಯೆ ಕಡಿಮೆ ಆದಷ್ಟೂ ಬೆಳಕು ಹಳದಿ.

ಹೆಚ್ಚಿನವರು ಇಲ್ಲಿ ಪಕ್ಕದಲ್ಲಿ ನಿಂತವರ ಕೆನ್ನೆ ನೋಡಿ ತಾತನ ಕೆನ್ನೆಯನ್ನ ಅದಕ್ಕೆ ಹೊಂದಿಸ್ತಾರೆ. ಆಗ ಬೆಳಕಿನ ಜೊತೆ ಪಕ್ಕದವರ ಮೈಬಣ್ಣವೂ ತಾತನಿಗೆ ಬಂದುಬಿಡುತ್ತೆ. ಕಪ್ಪಗಿದ್ದ ತಾತ ಬೆಳ್ಳಗಾಗ್ತಾರೆ. ಮನೆಯವರು "ಇವರು ನಮ್ಮ ತಾತ ಅಲ್ಲ" ಅನ್ನೋದು ಆಗಲೇ.

ಹಾಗಾಗಿ ಚರ್ಮ ಬಿಡಿ, ಎರಡೂ ಫೋಟೋದಲ್ಲಿರೋ ಬಿಳಿ ಬಟ್ಟೆ ಹುಡುಕಿ. ನಾನು ಕಾಮರ್ಸ್ ಓದಿದವನು, ನನಗಿದು ಕರೆನ್ಸಿ ವಿನಿಮಯ ದರದ ಹಾಗೆ. ತಾತನ ಬಿಳಿ ಅಂಗಿಯಲ್ಲಿ ಕೆಂಪು 205, ಹಸಿರು 215, ನೀಲಿ 230 ಇದೆ ಅಂತಿಟ್ಕೊಳ್ಳಿ. ಛತ್ರದಲ್ಲಿ ತಾತ ನಿಲ್ಲಬೇಕಾದ ಜಾಗದ ಪಕ್ಕದ ಬಿಳಿ ಅಂಗಿಯಲ್ಲಿ 235, 205, 160. ಅಂದ್ರೆ ಕೆಂಪು 1.15 ಪಟ್ಟು, ಹಸಿರು 0.95, ನೀಲಿ 0.70. ಇದೇ ದರವನ್ನ ಮುಖಕ್ಕೂ ಹಾಕಿ. ಕೆನ್ನೆ 160, 120, 105 ಇದ್ದದ್ದು ಸುಮಾರು 183, 114, 73 ಆಗುತ್ತೆ. ಬೆಳಕು ಬದಲಾಯ್ತು, ಮೈಬಣ್ಣ ತಾತನದೇ ಉಳೀತು.

ಫೋಟೋಶಾಪಿನಲ್ಲಿ ಮುಖದ ಲೇಯರಿಗೆ ಮಾತ್ರ ತಗಲುವಂತೆ ಒಂದು ಕರ್ವ್ಸ್ ಲೇಯರ್ ಕ್ಲಿಪ್ ಮಾಡಿ. ಗೆರೆ ನೇರವಾಗಿಯೇ ಇರಲಿ, ಬಲತುದಿಯನ್ನಷ್ಟೇ ಸರಿಸಿ. ಕೆಂಪು ಚಾನೆಲಿನಲ್ಲಿ ಇನ್‌ಪುಟ್ 222ಕ್ಕೆ ಎಳೀರಿ. ಹಸಿರಿನಲ್ಲಿ ಔಟ್‌ಪುಟ್ 243ಕ್ಕೆ, ನೀಲಿಯಲ್ಲಿ 177ಕ್ಕೆ ಇಳಿಸಿ.

ಎರಡು ಎಚ್ಚರಿಕೆ. ಬಿಳಿ ಬಟ್ಟೆಯ ಯಾವುದೇ ಸಂಖ್ಯೆ 255 ಮುಟ್ಟಿದ್ರೆ ಆ ಜಾಗದಿಂದ ಅಳತೆ ತಗೋಬೇಡಿ, ಅಲ್ಲಿ ಬಣ್ಣದ ಮಾಹಿತಿ ಕಳೆದುಹೋಗಿರುತ್ತೆ. ಇನ್ನೊಂದು, ಬಟ್ಟೆಗೂ ಮುಖಕ್ಕೂ ಒಂದೇ ಬೆಳಕು ಬಿದ್ದಿರಬೇಕು. ಮಡಿಕೆಯ ನೆರಳಲ್ಲಿ ಅಳೆದ್ರೆ ದರ ತಪ್ಪುತ್ತೆ.

ಕೊನೆಗೆ ಪರೀಕ್ಷೆ. ಎಲ್ಲದರ ಮೇಲೆ ಒಂದು ಲೇಯರ್ ಹಾಕಿ ಸ್ಯಾಚುರೇಶನ್ ಜೋರಾಗಿ ಏರಿಸಿ. ಉಳಿದವರೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ ತಾತ ಮಾತ್ರ ಗುಲಾಬಿ ಆದ್ರೆ, ನೀಲಿ ಇನ್ನೂ ಉಳಿದಿದೆ ಅಂತ ಅರ್ಥ. ಆಮೇಲೆ ಅದೇ ಲೇಯರಿನಲ್ಲಿ ಸ್ಯಾಚುರೇಶನ್ ಪೂರ್ತಿ ಇಳಿಸಿ, ಕಪ್ಪು-ಬಿಳುಪಲ್ಲಿ ನೋಡಿ. ಅಲ್ಲೂ ಮುಖ ಬೇರೆಯಾಗಿ ಎದ್ದು ಕಂಡ್ರೆ ತೊಂದರೆ ಬಣ್ಣದ್ದಲ್ಲ. ಬಲ್ಬು ಮೂಗಿನ ಕೆಳಗೆ ಗಟ್ಟಿ ನೆರಳು ಬೀಳಿಸುತ್ತೆ, ಜಗಲಿಯ ಬೆಳಕು ಬೀಳಿಸಲ್ಲ. ಅದನ್ನ ಯಾವ ಕರ್ವ್ಸೂ ಸರಿಮಾಡಲ್ಲ, ತಾತನ ಬೇರೆ ಫೋಟೋನೇ ಹುಡುಕಬೇಕು.