ಕಾನ್‌ಬಾನ್ ಕಾರ್ಡ್ ಎಷ್ಟಿರಬೇಕು?

ಟೊಯೋಟಾ ಮಾದರಿಯ ಕಾರ್ಖಾನೆಗಳಲ್ಲಿ ಬಿಡಿಭಾಗದ ಪ್ರತಿ ಪೆಟ್ಟಿಗೆಗೂ ಒಂದು ಕಾನ್‌ಬಾನ್ ಕಾರ್ಡ್ ಇರುತ್ತದಂತೆ. ಎಷ್ಟು ಕಾರ್ಡ್ ಬೇಕೆಂದು ಹೇಗೆ ಲೆಕ್ಕ ಹಾಕುತ್ತಾರೆ?

ಪೆಟ್ಟಿಗೆಯಿಂದ ಮೊದಲ ಭಾಗ ತೆಗೆದ ಕೂಡಲೇ ಅದರ ಕಾರ್ಡ್ ಹಿಂದಿನ ವಿಭಾಗಕ್ಕೆ ಹೋಗುತ್ತದೆ. ಇನ್ನೊಂದು ಪೆಟ್ಟಿಗೆ ಕಳಿಸಿ ಎಂಬ ಬೇಡಿಕೆ ಅದೇ. ಅಡುಗೆ ಅನಿಲ ಬುಕ್ ಮಾಡಿದ ಮೇಲೆ ಹೊಸ ಸಿಲಿಂಡರ್ ಬರುವವರೆಗೂ ಒಲೆ ಉರಿಯಬೇಕಲ್ಲ, ಹಾಗೆಯೇ ತುಂಬಿದ ಪೆಟ್ಟಿಗೆ ಬರುವವರೆಗಿನ ಬಳಕೆಗೆ ಸಾಲುವಷ್ಟು ಸರಕು ಕೈಯಲ್ಲಿರಬೇಕು. ಗಂಟೆಗೆ 60 ಬೇರಿಂಗ್ ಬೇಕು, ಪೂರೈಕೆಗೆ 2 ಗಂಟೆ ಹಿಡಿಯುತ್ತದೆ ಎನ್ನಿ: ಒಟ್ಟು 120. ಏರುಪೇರಿಗೆಂದು ಶೇ. 20 ಸೇರಿಸಿದರೆ 144. ಪೆಟ್ಟಿಗೆಯಲ್ಲಿ 20 ಹಿಡಿಯುವುದಾದರೆ ಭಾಗಿಸಿದಾಗ 7.2, ಅರೆ ಕಾರ್ಡ್ ಇಲ್ಲದ್ದರಿಂದ 8.

ಇನ್ನೂ ನಾಲ್ಕು ಕಾರ್ಡ್ ಹೆಚ್ಚಿಟ್ಟರೆ ಕ್ಷೇಮವಲ್ಲವೇ ಎನ್ನಬಹುದು. ಆದರೆ ಪ್ರತಿ ಕಾರ್ಡೂ 20 ಬೇರಿಂಗ್‌ಗಳ ದಾಸ್ತಾನು. ಅದು ಯಂತ್ರ ಕೆಟ್ಟದ್ದನ್ನೂ ಸಾಗಣೆ ತಡವಾದದ್ದನ್ನೂ ಮರೆಮಾಚುತ್ತದೆ. ಎರಡು ಪೆಟ್ಟಿಗೆ ಸದಾ ಮುಟ್ಟದೆ ಉಳಿಯುತ್ತಿದ್ದರೆ ಒಂದು ಕಾರ್ಡ್ ತೆಗೆಯಬೇಕು. ಸರಕು ಮುಗಿದು ಕೆಲಸ ನಿಲ್ಲುತ್ತಿದ್ದರೆ ಕಾರ್ಡ್ ಸೇರಿಸುವ ಮೊದಲು ತಡವಾದದ್ದೇಕೆಂದು ಹುಡುಕಬೇಕು.