ಮಾತನ್ನು ತಿರುಗಿಸಿದರೆ ಸತ್ಯ ಉಳಿಯುತ್ತದೆಯೇ?

‘ನಾಗರಹಾವುಗಳೆಲ್ಲ ವಿಷದ ಹಾವುಗಳು.’ ಇದು ನಿಜ. ಇದನ್ನೇ ತಿರುಗಿಸಿ ‘ವಿಷದ ಹಾವುಗಳೆಲ್ಲ ನಾಗರಹಾವುಗಳು’ ಎಂದರೆ ಸುಳ್ಳಾಗುತ್ತದೆ. ಕಟ್ಟುಹಾವು, ಕೊಳಕುಮಂಡಲ ಎರಡಕ್ಕೂ ವಿಷವಿದೆ, ಎರಡೂ ನಾಗರವಲ್ಲ.

ಒಂದೇ ಹೇಳಿಕೆಯಿಂದ, ಬೇರೆ ಯಾವ ಆಧಾರವನ್ನೂ ಸೇರಿಸದೆ, ಇನ್ನೊಂದನ್ನು ನೇರವಾಗಿ ಹೊರಡಿಸುವ ಇಂಥ ಅನುಮಾನಗಳ ಚರ್ಚೆ ಹಳೆಯದು. ಕರ್ತೃಪದ ಮತ್ತು ವಿಧೇಯಪದಗಳ ಜಾಗ ಬದಲಿಸುವುದೇ ಕನ್ವರ್ಷನ್. ಇದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ತನ್ನ ‘ಪ್ರಯರ್ ಅನಲಿಟಿಕ್ಸ್’ ಗ್ರಂಥದ ಆರಂಭದಲ್ಲಿ ವಿವರಿಸಿದ್ದಾನೆ. ‘ಯಾವ ಕಟ್ಟುಹಾವಿಗೂ ಹೆಡೆಯಿಲ್ಲ’ ಎಂಬುದು ನಿಜವಾದರೆ ‘ಹೆಡೆಯಿರುವ ಯಾವ ಹಾವೂ ಕಟ್ಟುಹಾವಲ್ಲ’ ಎಂಬುದೂ ನಿಜ. ‘ಕೆಲವು ವಿಷದ ಹಾವುಗಳಿಗೆ ಹೆಡೆಯಿದೆ’ ಎಂಬುದನ್ನೂ ಹಾಗೆಯೇ ತಿರುಗಿಸಬಹುದು. ‘ಎಲ್ಲ’ ಎಂಬ ಹೇಳಿಕೆಯನ್ನು ಮಾತ್ರ ‘ಕೆಲವು’ ಎಂದು ಇಳಿಸಿಯೇ ತಿರುಗಿಸಬೇಕು: ಕೆಲವು ವಿಷದ ಹಾವುಗಳು ನಾಗರಹಾವುಗಳು. ಇನ್ನು ‘ಕೆಲವು ವಿಷದ ಹಾವುಗಳು ನಾಗರಹಾವುಗಳಲ್ಲ’ ಎಂಬುದು ತಿರುಗುವುದೇ ಇಲ್ಲ. ತಿರುಗಿಸಿದರೆ ಕೆಲವು ನಾಗರಹಾವುಗಳಿಗೆ ವಿಷವಿಲ್ಲ ಎಂದಾಗಿಬಿಡುತ್ತದೆ!

ಆಬ್ವರ್ಷನ್ನಿನಲ್ಲಿ ಪದಗಳು ಇದ್ದಲ್ಲೇ ಇರುತ್ತವೆ. ಹೌದನ್ನು ಅಲ್ಲವಾಗಿಸಿ, ವಿಧೇಯಪದದ ಜಾಗದಲ್ಲಿ ಅದರ ನಿಷೇಧವನ್ನಿಟ್ಟರೆ ಆಯಿತು: ‘ಯಾವ ನಾಗರಹಾವೂ ವಿಷರಹಿತವಲ್ಲ.’ ನಾಲ್ಕೂ ಬಗೆಯ ಹೇಳಿಕೆಗಳಲ್ಲಿ ಇದು ಸತ್ಯವನ್ನು ಉಳಿಸುತ್ತದೆ.

ಇವೆರಡೂ ಗೊತ್ತಿದ್ದರೆ ಕಾಂಟ್ರಪೊಸಿಷನ್ ಸುಲಭ. ‘ಯಾವ ನಾಗರಹಾವೂ ವಿಷರಹಿತವಲ್ಲ’ ಎಂಬುದನ್ನು ತಿರುಗಿಸಿ: ವಿಷರಹಿತ ಹಾವು ಯಾವುದೂ ನಾಗರವಲ್ಲ. ಮತ್ತೊಮ್ಮೆ ಆಬ್ವರ್ಷನ್ ಮಾಡಿ: ವಿಷರಹಿತ ಹಾವುಗಳೆಲ್ಲ ನಾಗರವಲ್ಲದವು. ಕೇರೆಹಾವು ಇದಕ್ಕೆ ಸಾಕ್ಷಿ. ‘ಕೆಲವು ಅಲ್ಲ’ ಎಂಬ ಹೇಳಿಕೆಗೂ ಇದೇ ದಾರಿ ಸಲ್ಲುತ್ತದೆ. ‘ಕೆಲವು ಹೌದು’ ಎಂಬುದಕ್ಕೆ ಸಲ್ಲುವುದಿಲ್ಲ, ಏಕೆಂದರೆ ಮೊದಲ ಹೆಜ್ಜೆಯಲ್ಲೇ ಅದು ತಿರುಗಿಸಲಾಗದ ‘ಕೆಲವು ಅಲ್ಲ’ ಆಗಿಬಿಡುತ್ತದೆ. ‘ಯಾವುದೂ ಅಲ್ಲ’ ಎಂಬುದರಿಂದ ‘ಕೆಲವು ಅಲ್ಲ’ ಎಂಬಷ್ಟು ಮಾತ್ರ ಸಿಗುತ್ತದೆ.

ಜನ ಎಡವುವುದು ಇಲ್ಲಿಯೇ. ಎರಡೂ ಪದಗಳಿಗೆ ‘ಅಲ್ಲ’ ಸೇರಿಸಿ, ಜಾಗ ಬದಲಿಸುವುದನ್ನು ಮರೆಯುತ್ತಾರೆ: ‘ನಾಗರವಲ್ಲ, ಹಾಗಾಗಿ ವಿಷವಿಲ್ಲ.’ ಮೂಲ ಹೇಳಿಕೆಯಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಕಟ್ಟುಹಾವಿನ ಕಡಿತ ಹೆಚ್ಚು ನೋಯುವುದೂ ಇಲ್ಲ, ಊತವೂ ಕಾಣದಿರಬಹುದು. ಹೆಡೆ ಕಾಣಲಿಲ್ಲವೆಂದು ಆಸ್ಪತ್ರೆಗೆ ಹೋಗದೆ ಉಳಿದರೆ ಈ ತಪ್ಪು ಅನುಮಾನ ಜೀವಕ್ಕೇ ಕುತ್ತಾಗುತ್ತದೆ.

ಒಂದು ತಕರಾರು ಉಳಿಯುತ್ತದೆ. ‘ಟಿಕೆಟ್ ಇಲ್ಲದ ಪ್ರಯಾಣಿಕರೆಲ್ಲ ದಂಡ ತೆರತಕ್ಕವರು’ ಎಂಬ ನಿಯಮ, ಅಂಥ ಒಬ್ಬರೂ ಇಲ್ಲದ ಬಸ್ಸಿಗೂ ಅನ್ವಯಿಸುತ್ತದೆ. ಆದರೆ ಅದರಿಂದ ‘ದಂಡ ತೆರತಕ್ಕವರಲ್ಲಿ ಕೆಲವರು ಟಿಕೆಟ್ ಇಲ್ಲದವರು’ ಎಂದರೆ, ಅಂಥವರು ಇದ್ದಾರೆ ಎಂದಂತಾಯಿತು. ಹಾಗಾಗಿ ‘ಎಲ್ಲ’, ‘ಯಾವುದೂ ಅಲ್ಲ’ಗಳಿಂದ ‘ಕೆಲವು’ಗಳಿಗೆ ಇಳಿಯುವ ಅನುಮಾನಗಳನ್ನು ಆಧುನಿಕ ತರ್ಕಶಾಸ್ತ್ರ ಒಪ್ಪುವುದಿಲ್ಲ. ಉಳಿದವುಗಳ ಬಗ್ಗೆ ಹಳಬರಿಗೂ ಹೊಸಬರಿಗೂ ಭಿನ್ನಾಭಿಪ್ರಾಯವಿಲ್ಲ.