ಒಂದು ಮಚ್ಚೆ ಎರಡಾಗಿ ಕಂಡ ಕನ್ನಡಕ

ಕಳೆದ ಮಳೆಗಾಲದಲ್ಲಿ ನಮ್ಮ ಸ್ಟುಡಿಯೋಗೆ ಒಬ್ಬ ಹೆಣ್ಣುಮಗಳು ಬಂದರು. ಅವರ ತಂದೆ ತೀರಿಕೊಂಡು ವರ್ಷವಾಗುತ್ತಿತ್ತು. ತಿಥಿಯ ಹೊತ್ತಿಗೆ ಗೋಡೆಗೆ ಹಾಕಲು ದೊಡ್ಡ ಫೋಟೋ ಬೇಕಿತ್ತು. ತಂದಿದ್ದು ಮೊಮ್ಮಗುವಿನ ನಾಮಕರಣದ ದಿನ ಮನೆಯಲ್ಲೇ ತೆಗೆದ ಚಿತ್ರ. ಮುಖ ನೇರವಾಗಿ ಕ್ಯಾಮೆರಾ ಕಡೆಗಿತ್ತು, ನಗು ತುಂಬ ಚೆನ್ನಾಗಿತ್ತು. ಆದರೆ ದಪ್ಪ ಕರಿ ಫ್ರೇಮಿನ ಕನ್ನಡಕ, ಅದರ ಎಡಗಾಜಿನ ಮೇಲೆ ಅಡ್ಡಕ್ಕೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ.

“ಸಾರ್, ಕನ್ನಡಕ ತೆಗೆದುಬಿಡಿ. ರಾತ್ರಿ ಊಟ ಆದ್ಮೇಲೆ ಕನ್ನಡಕ ಪಕ್ಕಕ್ಕಿಟ್ಟು ನಮ್ಮ ಹತ್ರ ಮಾತಾಡ್ತಾ ಕೂರ್ತಿದ್ರು. ಆ ಮುಖ ಬೇಕು” ಅಂದರು.

ಕನ್ನಡಕ ತೆಗೆಯುವುದೆಂದರೆ ಫ್ರೇಮು ಅಳಿಸಿ ಆ ಜಾಗಕ್ಕೆ ಚರ್ಮದ ಬಣ್ಣ ತುಂಬುವುದು ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಮಾಡಿ ಮುಗಿಸಿದ ಮೇಲೆ ಚಿತ್ರದಲ್ಲಿ ಯಾವ ಕಲೆಯೂ ಇರುತ್ತಿರಲಿಲ್ಲ, ಆದರೂ ಮನೆಯವರು ನೋಡಿ “ಏನೋ ಬೇರೆ ಥರ ಕಾಣ್ತಾರೆ” ಅನ್ನುತ್ತಿದ್ದರು. ಅವರು ಹೇಳುತ್ತಿದ್ದುದು ನಿಜವೇ. ಪವರ್ ಇರುವ ಗಾಜು ತನ್ನ ಹಿಂದಿನ ಕಣ್ಣನ್ನು ಇದ್ದ ಹಾಗೆ ತೋರಿಸುವುದಿಲ್ಲ. ಮೈನಸ್ ಪವರ್ ಗಾಜಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಪ್ಲಸ್ ಗಾಜಿನ ಹಿಂದೆ ದೊಡ್ಡದಾಗಿ. ಫ್ರೇಮನ್ನಷ್ಟೇ ಅಳಿಸಿದರೆ ಗಾಜು ಕುಗ್ಗಿಸಿದ ಕಣ್ಣು ಹಾಗೆಯೇ ಮುಖದಲ್ಲಿ ಉಳಿದುಬಿಡುತ್ತದೆ.

ಅದಕ್ಕೇ ಅವರಿಗೆ ಮೂರು ವಸ್ತು ತರಲು ಹೇಳಿದೆ: ಆ ಕನ್ನಡಕ, ಕನ್ನಡಕದಂಗಡಿಯವರು ಕೊಟ್ಟ ಪವರ್ ಚೀಟಿ, ಕನ್ನಡಕವಿಲ್ಲದ ಯಾವುದಾದರೂ ಹಳೆಯ ಫೋಟೋ. ಮೂರೂ ಸಿಕ್ಕವು. ಚೀಟಿಯಲ್ಲಿ ಎರಡೂ ಕಣ್ಣಿಗೆ ಮೈನಸ್ 6 ಇತ್ತು. ಹಳೆಯ ಫೋಟೋ ಇಪ್ಪತ್ತೈದು ವರ್ಷದ ಹಿಂದಿನ ಕಪ್ಪುಬಿಳುಪು ಪಾಸ್‌ಪೋರ್ಟ್ ಸೈಜಿನದು.

ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕನ್ನಡಕವೇ. ನಿಮ್ಮ ಕನ್ನಡಕದ ಕಡ್ಡಿಯ ಒಳಮೈ ನೋಡಿ, ಅಲ್ಲಿ ಸಣ್ಣಕ್ಷರದಲ್ಲಿ ಮೂರು ಸಂಖ್ಯೆ ಅಚ್ಚಾಗಿರುತ್ತವೆ. ಇವರದರಲ್ಲಿ 52, 18, 140 ಎಂದಿತ್ತು. ಒಂದು ಗಾಜಿನ ಅಗಲ 52 ಮಿ.ಮೀ., ಎರಡು ಗಾಜಿನ ನಡುವೆ ಮೂಗಿನ ಮೇಲಿನ ಅಂತರ 18, ಕಡ್ಡಿಯ ಉದ್ದ 140. ಅಂದರೆ ಫೋಟೋದ ಒಳಗೇ ಒಂದು ಅಳತೆಪಟ್ಟಿ ಕೂತಿದೆ ಎಂದಾಯಿತು. ಚಿತ್ರದಲ್ಲಿ ಗಾಜಿನ ಅಗಲ 430 ಪಿಕ್ಸೆಲ್ ಬಂತು. 52ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ ಸುಮಾರು ಎಂಟೂಕಾಲು ಪಿಕ್ಸೆಲ್.

ಇನ್ನು ಕಣ್ಣು. ಬಿಳಿಯ ನಡುವಿನ ಬಣ್ಣದ ಬಿಲ್ಲೆಯನ್ನು ನಾವು ಕರಿಗುಡ್ಡೆ ಅನ್ನುತ್ತೇವೆ. ಅದರ ಅಡ್ಡಳತೆ ದೊಡ್ಡವರಲ್ಲಿ ಆಳಿಂದಾಳಿಗೆ ಹೆಚ್ಚು ಬದಲಾಗುವುದಿಲ್ಲ, 11.7 ಮಿ.ಮೀ.ಯ ಆಸುಪಾಸಿನಲ್ಲೇ ಇರುತ್ತದೆ. ಮುಖ ದಪ್ಪವಾಗಲಿ, ಸೊರಗಲಿ, ಅದು ಅಷ್ಟೇ. ಈ ಫೋಟೋದಲ್ಲಿ ಅಳೆದರೆ 89 ಪಿಕ್ಸೆಲ್ ಬಂತು, ಅಂದರೆ 10.8 ಮಿ.ಮೀ. ಸುಮಾರು ಒಂದು ಮಿ.ಮೀ.ಯಷ್ಟನ್ನು ಗಾಜು ನುಂಗಿಹಾಕಿತ್ತು. ಚೀಟಿಯ ಲೆಕ್ಕವೂ ಇದಕ್ಕೆ ತಾಳೆಯಾಯಿತು. ಗಾಜು ಕಣ್ಣಿನಿಂದ 14 ಮಿ.ಮೀ. ದೂರದಲ್ಲಿದ್ದರೆ ಮೈನಸ್ 6 ಪವರ್ ಕಣ್ಣನ್ನು ನೂರಕ್ಕೆ ಎಂಟರಷ್ಟು ಕುಗ್ಗಿಸಿ ತೋರಿಸುತ್ತದೆ. ಹಾಗಾಗಿ ಕರಿಗುಡ್ಡೆಯನ್ನು 89ರಿಂದ 97 ಪಿಕ್ಸೆಲ್‌ಗೆ ತರಬೇಕು. ಬರೀ ಗುಡ್ಡೆಯನ್ನು ಹಿಗ್ಗಿಸಿದರೆ ಗಾಬರಿಬಿದ್ದವರ ಕಣ್ಣಾಗುತ್ತದೆ. ಗಾಜಿನೊಳಗೆ ಕಾಣುವ ರೆಪ್ಪೆ, ಸುಕ್ಕು, ಹುಬ್ಬಿನ ತುದಿ ಎಲ್ಲವನ್ನೂ ಗಾಜಿನ ನಡುಬಿಂದುವಿನಿಂದ ಒಟ್ಟಿಗೆ ಹಿಗ್ಗಿಸಬೇಕು.

ಹೀಗೆ ಹಿಗ್ಗಿಸುವಾಗ ಇನ್ನೊಂದು ಸಂಗತಿ ಬಯಲಾಗುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು. ಮೈನಸ್ ಗಾಜು ತನ್ನ ಹಿಂದಿರುವುದನ್ನೆಲ್ಲ ಒಳಕ್ಕೆ ಎಳೆದು ತೋರಿಸುತ್ತದೆ. ನಡುವೆ ಎಳೆತ ಕಡಿಮೆ, ಅಂಚಿಗೆ ಹೋದಷ್ಟೂ ಜಾಸ್ತಿ. ಚರ್ಮ ಗಾಜಿನಿಂದ ದೂರವಿದ್ದಷ್ಟೂ ಇನ್ನೂ ಜಾಸ್ತಿ. ಹೀಗಾಗಿ ಫ್ರೇಮಿನ ಹಿಂದೆ ಅಡಗಿದೆ ಎಂದು ನಾವು ಅಂದುಕೊಂಡ ಚರ್ಮದ ಬಹುಪಾಲು ನಿಜವಾಗಿ ಗಾಜಿನ ಅಂಚಿನಲ್ಲೇ ಕಾಣುತ್ತಿರುತ್ತದೆ. ಚಿತ್ರವನ್ನು ಹಿಗ್ಗಿಸಿದೊಡನೆ ಅದು ಹೊರಕ್ಕೆ ಸರಿದು ತನ್ನ ಜಾಗದಲ್ಲಿ ಕೂರುತ್ತದೆ. ಮೂರು ಮಿ.ಮೀ. ಅಗಲದ ಆ ಕರಿ ಫ್ರೇಮಿನ ಬಹುಭಾಗವನ್ನು ಹೀಗೆ ಅವರ ಸ್ವಂತ ಚರ್ಮದಿಂದಲೇ ಮುಚ್ಚಲು ಆಯಿತು.

ಎಡಗಣ್ಣಿನ ಹೊರಮೂಲೆಯಲ್ಲಿ ಮಾತ್ರ ಒಂದು ಗೊಂದಲವಾಯಿತು. ಅಲ್ಲಿ ಗಾಜಿನ ಒಳಗೆ, ಅಂಚಿಗೆ ಅಂಟಿದಂತೆ ಒಂದು ಸಣ್ಣ ಮಚ್ಚೆ. ಫ್ರೇಮಿನ ಆಚೆ ಬದಿಗೆ ಮತ್ತೊಂದು. ಎರಡನ್ನೂ ಉಳಿಸಿಕೊಂಡು ಕೆಲಸ ಮುಂದುವರಿಸಿದ್ದೆ. ಸಂಜೆ ಆಕೆ ಬಂದವರು ಪರದೆ ನೋಡಿ, “ಅಪ್ಪನಿಗೆ ಅಲ್ಲಿ ಒಂದೇ ಮಚ್ಚೆ ಇದ್ದದ್ದು” ಅಂದರು. ಆಗ ಹೊಳೆಯಿತು. ಕಣ್ಣಿನ ಹೊರಮೂಲೆ ದಾಟಿದರೆ ಮುಖ ಹಿಂದಕ್ಕೆ ತಿರುಗುತ್ತದೆ, ಚರ್ಮ ಗಾಜಿನಿಂದ ಎರಡೂವರೆ ಮೂರು ಸೆಂಟಿಮೀಟರ್ ದೂರ ಸರಿಯುತ್ತದೆ. ಅಲ್ಲಿ ಗಾಜಿನ ಎಳೆತ ನಾಲ್ಕು ಮಿ.ಮೀ.ಗೂ ಹೆಚ್ಚು, ಫ್ರೇಮಿನ ಅಗಲ ಮೂರೇ. ಹೀಗಾಗಿ ಒಂದೇ ಮಚ್ಚೆ ಫ್ರೇಮಿನ ಹೊರಗೆ ನೇರವಾಗಿಯೂ ಗಾಜಿನೊಳಗೆ ಇನ್ನೊಮ್ಮೆಯೂ ಕಂಡಿತ್ತು. ಹೊರಗಿನದೇ ನಿಜವಾದ ಜಾಗದ್ದು. ಗಾಜಿನೊಳಗಿನ ಮಚ್ಚೆ ಅದರ ಮೇಲೆ ಸರಿಯಾಗಿ ಕೂರುವವರೆಗೂ ಆ ಮೂಲೆಯನ್ನು ಎಳೆದೆ. ಆ ಭಾಗಕ್ಕೆ ಎಷ್ಟು ಎಳೆತ ಬೇಕು ಎಂಬ ಅಳತೆ ಆ ಮಚ್ಚೆಯಿಂದಲೇ ಸಿಕ್ಕಿತು.

ಪ್ಲಸ್ ಗಾಜಿನಲ್ಲಿ ಇದರ ತದ್ವಿರುದ್ಧ. ಅದು ಹಿಗ್ಗಿಸಿ ತೋರಿಸುವುದರಿಂದ ಅಂಚಿನ ಸುತ್ತ ಒಂದು ಬಳೆಯಷ್ಟು ಚರ್ಮ ಎಲ್ಲೂ ಕಾಣದೆ ಮಾಯವಾಗಿರುತ್ತದೆ. ಕಣ್ಣನ್ನು ಕುಗ್ಗಿಸಿದ ಮೇಲೆ ಫ್ರೇಮಿನ ಅಗಲಕ್ಕಿಂತ ದೊಡ್ಡ ಖಾಲಿ ಉಳಿಯುತ್ತದೆ, ಅದನ್ನು ಬೇರೆ ಕಡೆಯಿಂದ ತಂದು ತುಂಬಲೇಬೇಕು. ಪೊರೆ ಆಪರೇಷನ್ ಆದ ಮೇಲೆ ಹಿಂದಿನವರು ಹಾಕಿಕೊಳ್ಳುತ್ತಿದ್ದ ದಪ್ಪ ಪ್ಲಸ್ ಗಾಜಿನ ಫೋಟೋ ಬಂದರೆ ಕನ್ನಡಕ ಇರಲಿ ಬಿಡಿ ಎಂದೇ ಹೇಳಿ ಕಳಿಸುತ್ತೇನೆ.

ಈಗ ಟ್ಯೂಬ್‌ಲೈಟಿನ ಪಟ್ಟಿ. ಸಾದಾ ಗಾಜಿನ ಎರಡು ಮೈಯೂ ಸೇರಿ ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಟರಷ್ಟನ್ನು ವಾಪಸ್ ಎಸೆಯುತ್ತವೆ. ಟ್ಯೂಬ್‌ಲೈಟಿನ ಎಂಟು ಪಾಲೇ ಕಣ್ಣಿನ ಬಣ್ಣಕ್ಕಿಂತ ಎಷ್ಟೋ ಪ್ರಖರ. ಈ ಬೆಳಕು ಕಣ್ಣಿನ ಚಿತ್ರವನ್ನು ಒರೆಸಿ ಹಾಕುವುದಿಲ್ಲ, ಅದರ ಮೇಲೆ ಬಂದು ಕೂಡಿಕೊಳ್ಳುತ್ತದೆ. ಕೂಡಿದ್ದನ್ನು ಕಳೆಯಬಹುದು. ಪಟ್ಟಿಯ ಆರಂಭದಲ್ಲಿ ಚರ್ಮದ ಮೌಲ್ಯ 190 ಇತ್ತು, ಅದರ ಪಕ್ಕದ ಬರಿ ಚರ್ಮದಲ್ಲಿ 140. ಆ 50ನ್ನು ಪಟ್ಟಿಯ ಆಕಾರದಲ್ಲೇ ಕಳೆದು, ಮಂಕಾದ ಕಡೆ ಸ್ವಲ್ಪ ಕಾಂಟ್ರಾಸ್ಟ್ ಏರಿಸಿದರೆ ಅಡಿಯಿಂದ ಸುಕ್ಕುಗಳು ಮೇಲೆ ಬರುತ್ತವೆ. ಆದರೆ ಮೌಲ್ಯ 255ಕ್ಕೆ ಮುಟ್ಟಿದ ಕಡೆ ಕಳೆಯಲು ಏನೂ ಇರುವುದಿಲ್ಲ. ಡಿಜಿಟಲ್ ಚಿತ್ರದಲ್ಲಿ ಅದಕ್ಕಿಂತ ಬಿಳಿ ಇಲ್ಲ, ಅಲ್ಲಿ ಏನಿತ್ತು ಎಂಬ ಸುಳಿವೂ ಇಲ್ಲ. ಇವರ ಎಡಗಣ್ಣಿನಲ್ಲಿ ಕರಿಗುಡ್ಡೆಯ ಕಾಲುಭಾಗ, ಮೇಲ್ರೆಪ್ಪೆಯ ಒಂದು ತುಂಡು ಹೀಗೆ ಹೋಗಿಬಿಟ್ಟಿದ್ದವು.

ಅದಕ್ಕೆ ಬಲಗಣ್ಣಿನ ಸಹಾಯ ಬೇಕಾಯಿತು. ಅದರ ಗುಡ್ಡೆಯನ್ನು ನಕಲು ಮಾಡಿ ಎಡಬಲ ತಿರುಗಿಸಿ ಇಟ್ಟೆ. ಇಲ್ಲಿ ತುಂಬ ಜನ ಎಡವುತ್ತಾರೆ. ಕಣ್ಣಿನ ಮೇಲೆ ಬೆಳಕಿನ ಒಂದು ಮಿಂಚು ಇರುತ್ತದಲ್ಲ, ಅದು ಕಣ್ಣಿನದೇ ನುಣುಪಾದ ಮೈಯಿಂದ ಬಂದದ್ದು. ಕಿಟಕಿ ಎಡಕ್ಕಿದ್ದರೆ ಎರಡೂ ಕಣ್ಣಿನಲ್ಲಿ ಆ ಚುಕ್ಕೆ ಎಡಕ್ಕೇ ಇರಬೇಕು. ತಿರುಗಿಸಿದ ಕಣ್ಣಿನಲ್ಲಿ ಅದು ಬಲಕ್ಕೆ ಹೋಗುತ್ತದೆ, ನೋಡಿದವರಿಗೆ ಮೆಳ್ಳೆಗಣ್ಣಿನಂತೆ ಕಾಣುತ್ತದೆ. ಕಣ್ಣಿನ ಡಾಕ್ಟರು ಮಕ್ಕಳ ಮುಖಕ್ಕೆ ಟಾರ್ಚು ಹಿಡಿದು ಎರಡು ಕಣ್ಣಿನ ಚುಕ್ಕೆ ಹೋಲಿಸಿ ಮೆಳ್ಳೆಗಣ್ಣು ಪರೀಕ್ಷಿಸುವುದೂ ಇದೇ ತತ್ತ್ವದ ಮೇಲೆ. ಹಾಗಾಗಿ ಗುಡ್ಡೆಯನ್ನು ತಿರುಗಿಸಿದೆ, ಚುಕ್ಕೆಯನ್ನು ಮಾತ್ರ ತಿರುಗಿಸದೆ ಬೇರೆಯಾಗಿ ತಂದು ಕೂರಿಸಿದೆ. ಗಾಜಿನ ಹೊಳಪು ಅಳಿಸುವ ಭರದಲ್ಲಿ ಈ ಚುಕ್ಕೆಯನ್ನೂ ಅಳಿಸಿದರೆ ಕಣ್ಣಿನ ಜೀವವೇ ಹೋಗುತ್ತದೆ. ಎರಡರ ವ್ಯತ್ಯಾಸ ತಿಳಿಯುವುದು ಸುಲಭ: ಗಾಜಿನ ಹೊಳಪು ಗುಡ್ಡೆ ದಾಟಿ ರೆಪ್ಪೆಯ ಮೇಲೂ ಹರಿದಿರುತ್ತದೆ, ಕಣ್ಣಿನ ಮಿಂಚು ರೆಪ್ಪೆಯ ಅಂಚಿನಲ್ಲೇ ನಿಂತುಬಿಡುತ್ತದೆ. ರೆಪ್ಪೆಗಳನ್ನು ಬಲಗಣ್ಣಿನಿಂದ ತರಲಿಲ್ಲ. ಆ ವಯಸ್ಸಿನಲ್ಲಿ ಎರಡು ರೆಪ್ಪೆ ಒಂದೇ ಸಮ ಇಳಿದಿರುವುದಿಲ್ಲ. ಹಳೆಯ ಕಪ್ಪುಬಿಳುಪು ಫೋಟೋ ನೋಡಿ ಮಡಿಕೆಯ ಓಟವನ್ನಷ್ಟೇ ತಿಳಿದುಕೊಂಡು, ಉಳಿದಿದ್ದ ಎರಡು ತುದಿಗಳನ್ನು ಸೇರಿಸಿದೆ.

ಚರ್ಮದ ಕೆಲಸದಲ್ಲಿ ಎರಡೇ ಎಚ್ಚರಿಕೆ ಹೇಳುತ್ತೇನೆ. ಹೀಲಿಂಗ್ ಬ್ರಷ್ ಸುತ್ತಲಿನ ಬಣ್ಣವನ್ನು ಬೆರೆಸಿಕೊಂಡು ಕೆಲಸ ಮಾಡುವುದರಿಂದ ಕರಿ ಫ್ರೇಮಿನ ಪಕ್ಕದಲ್ಲಿ ಹಿಡಿದರೆ ಮಸಿ ಎಳೆದಂತಾಗುತ್ತದೆ. ಮೊದಲು ಕ್ಲೋನ್ ಸ್ಟ್ಯಾಂಪಿನಿಂದ ಫ್ರೇಮಿನ ಕಪ್ಪು ಪೂರ್ತಿ ಹೋಗಬೇಕು, ಆಮೇಲೆ ಹೀಲಿಂಗ್. ಎರಡನೆಯದು, ಫ್ರೇಮಿನ ನೆರಳು. ತಲೆಯ ಮೇಲಿಂದ ಬಂದ ಬೆಳಕು ಕೆನ್ನೆಯ ಮೇಲೆ ಫ್ರೇಮಿನದೇ ಒಂದು ನಸುಗಪ್ಪು ಗೆರೆ ಬಿಟ್ಟಿರುತ್ತದೆ, ಕಡ್ಡಿಯ ನೆರಳು ಕಿವಿಯ ಮುಂದೆ ಬಿದ್ದಿರುತ್ತದೆ. ಕನ್ನಡಕ ಹೋಗಿ ನೆರಳು ಉಳಿದ ಫೋಟೋಗಳನ್ನು ಬೇಕಾದಷ್ಟು ಕಂಡಿದ್ದೇನೆ. ಫೋಟೋ ಯಾರದೋ ಕೈಯಾಡಿಸಿದ್ದು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೂಗಿನ ಎರಡು ಬದಿಗೆ ಕನ್ನಡಕ ಒತ್ತಿ ಬಿದ್ದ ಗುಳಿಗಳನ್ನು ಏನು ಮಾಡಲಿ ಎಂದು ಆಕೆಯನ್ನೇ ಕೇಳಿದೆ. “ಇರಲಿ ಸಾರ್, ಕನ್ನಡಕ ತೆಗೆದಾಗ ಅದನ್ನೇ ಉಜ್ಜಿಕೊಳ್ತಾ ಕೂರ್ತಿದ್ರು” ಅಂದರು. ಇಟ್ಟೆ. ನನಗೂ ಅದೇ ಸರಿ ಅನ್ನಿಸಿತ್ತು.

ಇಂಥ ಫೋಟೋ ಗೋಡೆಗೆ ಸರಿ, ಸರ್ಕಾರಿ ಕಾಗದಕ್ಕಲ್ಲ. ಅಮೆರಿಕದವರು 2016ರ ನವೆಂಬರ್‌ನಿಂದ ವೀಸಾ ಫೋಟೋದಲ್ಲಿ ಕನ್ನಡಕ ಬೇಡ ಎಂದಿದ್ದಾರೆ. ಆಗಿನಿಂದ ಇದ್ದ ಫೋಟೋದಲ್ಲೇ ಅಳಿಸಿಕೊಡಿ ಎಂದು ಕೇಳುವವರು ಬರುತ್ತಾರೆ. ತಿದ್ದಿದ ಚಿತ್ರವನ್ನೂ ಅವರು ಒಪ್ಪುವುದಿಲ್ಲ. ಕನ್ನಡಕ ತೆಗೆದು ಕುರ್ಚಿಯ ಮೇಲೆ ಕೂರಿ ಅನ್ನುತ್ತೇನೆ, ಐದು ನಿಮಿಷದ ಕೆಲಸ.

ಎರಡು ದಿನದ ಕೆಲಸ ಮುಗಿದು ಪ್ರಿಂಟ್ ಹಾಕುವ ಮೊದಲು ಆಕೆ ತಾಯಿಯನ್ನು ಕರೆದುಕೊಂಡು ಬಂದರು. ಆ ತಾಯಿ ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಮಚ್ಚೆ, ಮೂಗಿನ ಗುಳಿ ಯಾವುದನ್ನೂ ಹೇಳಲಿಲ್ಲ.

“ನೋಡಪ್ಪಾ, ಈ ಎಡಗಣ್ಣಿನ ರೆಪ್ಪೆ ಇನ್ನೊಂದು ಚೂರು ಇಳಿದಿರ್ತಿತ್ತು” ಅಂದರು.

ನಾನು ತುಂಡು ಸೇರಿಸಿದ್ದ ಜಾಗವೇ ಅದು. ಮೂರು ಪಿಕ್ಸೆಲ್ ಇಳಿಸಿದೆ, ಒಂದು ಮಿ.ಮೀ.ಯ ಮೂರನೇ ಒಂದು ಭಾಗಕ್ಕೆ ಚೂರು ಜಾಸ್ತಿ. ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮಗಳ ಕೈಗೆ ಕೊಟ್ಟು, “ಹಾಂ, ಈಗ ಹಾಕು” ಅಂದರು.